ಸೇಡಂ ರೋಡಿನಾಗ ಹುಡುಗ್ಯಾರ ಪಿಜಿ ಮಾಡೀವಿ, ಕ್ಯಾಪ್ಷನ್ ಹ್ಯಾಂಗ್ ಬರೀಬೇಕು ಹೇಳ್ರಿ

ಸೇಡಂರೋಡ್ ಸೊಸಿ

ಎಲ್ಲರಿಗೂ ನಮಸ್ಕಾರ್ರಿ. ನಮ್ಮ ಅತ್ತಿಯವರ ಮನಿ ಕಲಬುರಗಿ ಸೇಡಂ ರೋಡಿಗಿ ಹತ್ತೇ ಅದ, ಮೇನ್ ರೋಡಿನಿಂದ ಎರಡನೇ ಗಲ್ಲಿ. ಮಾವನೋರು ತೀರಿಕೊಂಡ ಮ್ಯಾಲ ಅತ್ತಿ ಒಬ್ಬರೇ ಇರ್ತಾರ, ಮಾಳಿಗಿ ಮ್ಯಾಲ ನಾಕು ಖೋಲಿ ಖಾಲಿ ಬಿದ್ದಾವ, ಹಂಗಾಗಿ ಓದೋ ಹುಡುಗ್ಯಾರಿಗಿ ಪಿಜಿ ಮಾಡಿದ್ರ ಅವರಿಗೂ ಜೊತಿ ಆಯ್ತು ನಮಗೂ ನಾಕು ರೊಕ್ಕ ಬಂತು ಅಂತ ವಿಚಾರ ಮಾಡಿ ಮಂಚ ಗಾದಿ ಕಪಾಟು ಎಲ್ಲಾ ಹಾಕ್ಸೀವಿ. ಒಂದು ಖೋಲಿಗಿ ಇಬ್ಬರಂಗ ಎಂಟು ಮಂದಿ. ಅಡಗಿಗಿ ಒಬ್ಬಾಕಿ ಬರ್ತಾಳ.

ಇನ್‌ಸ್ಟಾಗ್ರಾಂನಾಗ ಮತ್ತ ವಾಟ್ಸಾಪ್ ಗ್ರೂಪಿನಾಗ ಫೋಟೋ ಹಾಕಿ ಕೆಳಗ ಹಿಂಗ್ ಬರದಿದ್ದೆ:

> ಮನೆಯಂಥ ವಾತಾವರಣ! ಶುಚಿ ರುಚಿಯಾದ ಊಟ! ಎಲ್ಲಾ ಕಾಲೇಜುಗಳಿಗೆ ಹತ್ತಿರ, ಯೂನಿವರ್ಸಿಟಿಗೂ ಹತ್ತಿರ. ಗಾಳಿ ಬೆಳಕು ಚೆನ್ನಾಗಿದೆ. 24 ಗಂಟೆ ನೀರು. ಬಾಡಿಗೆ 4,500 ಮಾತ್ರ (ಷರತ್ತುಗಳು ಅನ್ವಯ). ಶಿಸ್ತು ಕಡ್ಡಾಯ. ವಿದ್ಯಾರ್ಥಿನಿಯರಿಗೆ ಮಾತ್ರ. ಕೂಡಲೇ ಸಂಪರ್ಕಿಸಿ.

ಹತ್ತು ದಿನದಾಗ ನಲವತ್ತರ ಮ್ಯಾಲ ಮೆಸೇಜ್ ಬಂದಾವ. ಖೋಲಿ ನೋಡ್ಲಿಕ್ಕ ಬಂದವರು ಮೂರೇ ಮಂದಿ, ಮೂವರೂ "ವಿಚಾರ ಮಾಡಿ ಹೇಳ್ತೀವಿ" ಅಂದು ಹೋದ್ರು, ತಿರುಗಿ ಫೋನ್ ಇಲ್ಲ. ಮನಿ ಛಲೋ ಅದ್ರಿ, ಅತ್ತಿ ಕೈ ಅಡಗಿ ರುಚಿ ಆ ಅಡಗಿ ಮಾಡಾಕಿಗೂ ಬಂದದ. ಬರದಿದ್ದರಾಗೇ ಎಲ್ಲೋ ತಪ್ಪಿದಂಗ ಅನಸ್ತದ. ಅನುಭವ ಇದ್ದವರು ನೋಡಿ ಹೇಳ್ರಿ.

ಬೀದರ್ ಹುಡುಗ

ಅಕ್ಕಾ ನಮಸ್ಕಾರ. ನಮ್ಮ ತಮ್ಮಗ ಈ ವರ್ಷ ಪಿಡಿಎ ಇಂಜಿನಿಯರಿಂಗ್ ಕಾಲೇಜಿನಾಗ ಸೀಟ್ ಸಿಕ್ಕದ, 4,500 ಅಂದ್ರ ಊಟ ಸೇರಿನಾ? ಒಂದು ಬೆಡ್ ಹಿಡಿದು ಇಡ್ರಿ, ಭಾನುವಾರ ಬರ್ತೀವಿ.

ಸೇಡಂರೋಡ್ ಸೊಸಿ

ತಮ್ಮಾ, ಇದು ಹುಡುಗ್ಯಾರಿಗಿ ಮಾತ್ರ ಅದ. ಬರದೀನಲ್ಲಪ್ಪ ಅದರಾಗ. ಮತ್ತ ನಾ ಇಲ್ಲಿ ಖೋಲಿ ಕೊಡ್ಲಿಕ್ಕ ಹಾಕಿಲ್ಲ, ಬರಿಯೋದು ಹ್ಯಾಂಗ ಅಂತ ಕೇಳ್ಲಿಕ್ಕ ಹಾಕೀನಿ.

ಹಳೇ ವಾರ್ಡನ್

ಆ ಹುಡುಗನ ಮ್ಯಾಲ ಸಿಟ್ಟಾಗಬ್ಯಾಡ್ರಿ ತಂಗಿ, ನಿಮ್ಮ ನಲವತ್ತು ಮೆಸೇಜಿನಾಗ ಅರ್ಧ ಹಿಂಗೇ ಬಂದಿರ್ತಾವ, ತೆಗದು ನೋಡ್ರಿ ಬೇಕಾದ್ರ. ನಾನು ಇದೇ ಊರಾಗ ಹನ್ನೊಂದು ವರ್ಷ ಹುಡುಗ್ಯಾರ ಪಿಜಿ ನಡೆಸೀನಿ, ಮೊಣಕಾಲು ನೋವಿಗಿ ಬಿಟ್ಟೆ. ಇನ್‌ಸ್ಟಾಗ್ರಾಂನಾಗ ಕ್ಯಾಪ್ಷನ್ ಎಷ್ಟುದ್ದ ಬರದ್ರೂ ಮೊದಲ ಎರಡು ಸಾಲು ಅಷ್ಟೇ ಕಾಣ್ತದ, ಉಳದಿದ್ದು ಒತ್ತಿದ್ರ ಮಾತ್ರ ತೆರೀತದ. ನಿಮ್ಮ ಮೊದಲ ಎರಡು ಸಾಲಿನಾಗ ಏನದ? ವಾತಾವರಣ, ಶುಚಿ, ರುಚಿ. ಈ ಮೂರು ಶಬ್ದ ಕಲಬುರಗಿ ಎಲ್ಲಾ ಪಿಜಿ ಬೋರ್ಡಿನ ಮ್ಯಾಲೂ ಅದಾವ. "ವಿದ್ಯಾರ್ಥಿನಿಯರಿಗೆ ಮಾತ್ರ" ಅನ್ನೋದು ಕಡೀಗಿ ಹೋಗಿ ಕುಂತದ. ಅದು ಮೊಟ್ಟಮೊದಲ ಶಬ್ದ ಆಗಬೇಕು. ಆಮ್ಯಾಲ ಯಾವ ಏರಿಯಾ, ಒಂದು ಗುರುತಿನ ಗೇಟಿಗಿ ಎಷ್ಟು ನಿಮಿಷ, ಒಬ್ಬರಿಗಿ ತಿಂಗಳಿಗಿ ಎಷ್ಟು, ಅದರಾಗ ಏನೇನ್ ಬಂತು. ಇಷ್ಟು ಕಂಡ್ರ ಬೇಕಾದವರು ತೆರೀತಾರ, ಬ್ಯಾಡಾದವರು ಮುಂದ ಹೋಗ್ತಾರ, ಇಬ್ಬರಿಗೂ ಛಲೋ.

ಇನ್ನ "ಎಲ್ಲಾ ಕಾಲೇಜುಗಳಿಗೆ ಹತ್ತಿರ" ಅಂತ ಬರದೀರಿ. ಕಲಬುರಗಿಯಾಗ ಎಲ್ಲಾ ಕಾಲೇಜಿಗಿ ಹತ್ತಿರ ಇರೋ ಮನಿ ಒಂದೂ ಇಲ್ಲ. ಊರಿನವರಿಗಿ ಅದು ಗೊತ್ತದ, ಅವರು ಅಲ್ಲೇ ನಂಬಿಕಿ ಬಿಡ್ತಾರ.

ಆಳಂದ ರೋಡ್ ಪ್ರಯಾಣಿಕ

ಈ ಯೂನಿವರ್ಸಿಟಿ ಹತ್ತಿರ ಅನ್ನೋ ಮಾತಿಗೆ ನಾನು ಒಂದು ಸೆಮಿಸ್ಟರ್ ಕಳಕೊಂಡೀನಿ ಅದಕ್ಕ ಬರೀತಿದೀನಿ. ನಮ್ಮೂರು ರಾಯಚೂರು ಕಡೆ. ಸೆಂಟ್ರಲ್ ಯೂನಿವರ್ಸಿಟಿ ಎಂಎಗೆ ಸೀಟ್ ಸಿಕ್ಕಾಗ ಮೊದಲನೇ ಲಿಸ್ಟಿನಾಗ ಹಾಸ್ಟೆಲ್ ಆಗಿರಲಿಲ್ಲ, ಆನ್‌ಲೈನ್ ಒಳಗ ಒಂದು ಪಿಜಿ "ಕಲಬುರಗಿ ಯೂನಿವರ್ಸಿಟಿ ಹತ್ತಿರ, ಹತ್ತು ನಿಮಿಷ" ಅಂತ ಹಾಕಿದ್ರು, ಅಡ್ವಾನ್ಸ್ ಕಳಿಸಿಬಿಟ್ಟೆ. ಬಂದು ನೋಡಿದ್ರ ಅದು ಸೇಡಂ ರೋಡಿನ ಗುಲಬರ್ಗಾ ಯೂನಿವರ್ಸಿಟಿ. ನಮ್ಮದು ಆಳಂದ ರೋಡಿನಾಗ ಕಡಗಂಚಿ, ಊರು ಬಿಟ್ಟು ಸುಮಾರು ಮೂವತ್ತು ಕಿಲೋಮೀಟರ್, ಅದೂ ಪೂರ್ತಿ ಇನ್ನೊಂದು ದಿಕ್ಕಿಗೆ. ದಿನಾ ಮೊದಲು ಸಿಟಿ ಬಸ್ಸು, ಆಮೇಲೆ ಆಳಂದ ಬಸ್ಸು, ಮುಂಜಾನೆ ಏಳಕ್ಕ ಬಿಟ್ಟರೂ ಮೊದಲ ಕ್ಲಾಸು ಅರ್ಧ ಮುಗಿದಿರ್ತಿತ್ತು. ಅಡ್ವಾನ್ಸ್ ವಾಪಸ್ ಕೊಡಲಿಲ್ಲ ಹಂಗಾಗಿ ನಾಲ್ಕು ತಿಂಗಳು ಅಲ್ಲೇ ಇದ್ದು ಆಮೇಲೆ ಹಾಸ್ಟೆಲಿಗೆ ಹೋದೆ.

ಅಕ್ಕ, ಹೊರಗಿನವರಿಗೆ ಕಲಬುರಗಿಯಲ್ಲಿ ಎಷ್ಟು ಯೂನಿವರ್ಸಿಟಿ ಅದಾವ ಅಂತ ಗೊತ್ತಿರಲ್ಲ. ಗುಲಬರ್ಗಾ ಯೂನಿವರ್ಸಿಟಿ, ಸೆಂಟ್ರಲ್ ಯೂನಿವರ್ಸಿಟಿ, ಶರಣಬಸವ ಯೂನಿವರ್ಸಿಟಿ, ಖಾಜಾ ಬಂದಾನವಾಜ್ ಯೂನಿವರ್ಸಿಟಿ, ನಾಲ್ಕೂ ಬೇರೆ ಬೇರೆ ಕಡೆ. ದಯವಿಟ್ಟು ಪೂರ್ತಿ ಹೆಸರು ಬರೀರಿ. ಮತ್ತ "ಸೆಂಟ್ರಲ್ ಯೂನಿವರ್ಸಿಟಿಯವರಿಗೆ ಈ ಮನಿ ದೂರ ಆಗ್ತದ" ಅಂತ ಒಂದು ಸಾಲು ಹಾಕಿದ್ರೆ ನನ್ನಂಥ ಒಬ್ಬಳಾದರೂ ಉಳೀತಾಳ.

ಸೇಡಂರೋಡ್ ಸೊಸಿ

ಅಯ್ಯೋ ತಂಗಿ, ಮೂರರಾಗ ಒಬ್ಬಾಕಿ ಸೆಂಟ್ರಲ್ ಯೂನಿವರ್ಸಿಟಿಯಾಕಿನೇ ಇದ್ದಳು, ಬಂದು ಎರಡೇ ನಿಮಿಷಕ್ಕ ಹೋದಳು, ಯಾಕಂತ ಈಗ ತಿಳೀತು ನೋಡು. ಗೂಗಲ್ ಮ್ಯಾಪಿನಾಗ ನೋಡಿದ್ರ ನಮ್ಮ ಮನಿಯಿಂದ ಜಿಮ್ಸ್ ಮೆಡಿಕಲ್ ಕಾಲೇಜಿಗಿ ನಡ್ಕೊಂಡು ಒಂಬತ್ತು ನಿಮಿಷ ತೋರಸ್ತದ, ಗುಲಬರ್ಗಾ ಯೂನಿವರ್ಸಿಟಿಗಿ ಗಾಡಿ ಮ್ಯಾಲ ಹನ್ನೆರಡು. ಇದನ್ನೇ ಹಾಕ್ಲಾ?

ಹಳೇ ವಾರ್ಡನ್

ಮ್ಯಾಪಿನ ಒಂಬತ್ತು ನಿಮಿಷ ಹಾಕಬ್ಯಾಡ್ರಿ. ಒಂದು ದಿನ ಮುಂಜಾನಿ ಹುಡುಗ್ಯಾರು ಹೋಗೋ ಹೊತ್ತಿಗಿ, ಎಂಟರ ಸುಮಾರಿಗಿ, ಹೆಗಲಿಗಿ ಒಂದು ಚೀಲ ಹಾಕ್ಕೊಂಡು ನೀವೇ ನಡೀರಿ. ನಿಮ್ಮ ಮನಿ ಗೇಟಿನಿಂದ ಹುಡುಗ್ಯಾರನ್ನ ಒಳಗ ಬಿಡೋ ಗೇಟಿನ ತನಕ. ಮ್ಯಾಪಿನ ಚುಕ್ಕಿ ಒಮ್ಮೊಮ್ಮೆ ಕಟ್ಟಡದ ನಡುವ ಇರ್ತದ, ಒಮ್ಮೊಮ್ಮೆ ಹಿಂದಿನ ಕಾಂಪೌಂಡಿನ ಹತ್ತಿರ, ಅಲ್ಲಿ ಬಾಗಿಲೇ ಇರಂಗಿಲ್ಲ. ಸೇಡಂ ರೋಡು ದಾಟೋದು ಬ್ಯಾರೆ, ಡಿವೈಡರ್ ಎಲ್ಲಿ ಬಿಟ್ಟದ ಅಲ್ಲಿ ತನಕ ಹೋಗಿ ದಾಟಿ ತಿರುಗಿ ಬರಬೇಕು.

ಯೂನಿವರ್ಸಿಟಿಗಿ ಗಾಡಿ ಮ್ಯಾಲಿನ ನಿಮಿಷ ಬರದ್ರ ಯಾರಿಗಿ ಉಪಯೋಗ, ನಿಮ್ಮಲ್ಲಿ ಬರೋ ಹುಡುಗ್ಯಾರ ಹತ್ತಿರ ಗಾಡಿ ಇರ್ತದೇನ್ರಿ? ಯಾವ ಸ್ಟಾಪಿನಾಗ ಬಸ್ ಹತ್ತಬೇಕು, ಮನಿಯಿಂದ ಆ ಸ್ಟಾಪಿಗಿ ಎಷ್ಟು, ಕುಂತ ಮ್ಯಾಲ ಎಷ್ಟು, ಅದನ್ನ ಬರೀರಿ. ಗುಲಬರ್ಗಾ ಯೂನಿವರ್ಸಿಟಿ ಕ್ಯಾಂಪಸ್ 860 ಎಕರೆ ಅದ, ಮೇನ್ ಗೇಟಿನಾಗ ಇಳದ್ರ ಡಿಪಾರ್ಟ್‌ಮೆಂಟ್ ಬಂತು ಅಂತ ಅಲ್ಲ, ಒಳಗ ಮತ್ತ ನಡೀಬೇಕು. ಹಂಗಾಗಿ "ಮೇನ್ ಗೇಟಿನ ತನಕ" ಅಂತ ಶಬ್ದ ಹಾಕ್ರಿ, ಆಗ ಯಾರೂ ಮಾತು ಹಚ್ಚಂಗಿಲ್ಲ.

ಯಾದಗಿರಿ ಪಾಲಕ

ನಾವು ತಂದಿ ತಾಯಿ ಓದೋ ರೀತಿ ಬ್ಯಾರೆ ಇರ್ತದ ಮೇಡಂ ಅದಕ್ಕ ಹೇಳ್ತೀನಿ. ಬಸ್ ಚಾರ್ಜ್ ವಿಚಾರಕ್ಕ ನಾನು ದೂರದ ಪಿಜಿ ಬಿಟ್ಟಿದ್ದೆ, ಆಮ್ಯಾಲ ಶಕ್ತಿ ಯೋಜನಾ ಬಂದು ಮಗಳಿಗಿ ಸರ್ಕಾರಿ ಬಸ್ಸು ಫ್ರೀ ಆಯ್ತು, ಈಗ ಹತ್ತು ನಿಮಿಷ ದೂರ ಇದ್ರೂ ಚಿಂತಿಲ್ಲ. ಅದನ್ನೂ ಕ್ಯಾಪ್ಷನ್ ಒಳಗ ಹಾಕ್ರಿ, ಹುಡುಗ್ಯಾರಿಗಿ ಬಸ್ ಖರ್ಚು ಇಲ್ಲ ಅಂತ.

ಹಳೇ ವಾರ್ಡನ್

ಅಣ್ಣಾರ ಮಾತು ಅರ್ಧ ಖರೆ. 2023 ಜೂನ್ 11ರಿಂದ ಫ್ರೀ ಅದ, ಆದ್ರ ಕರ್ನಾಟಕದ ವಿಳಾಸ ಇರೋ ಐಡಿ ಬೇಕು. ಸೇಡಂ ರೋಡಿನ ಕಾಲೇಜುಗಳಿಗಿ ತೆಲಂಗಾಣದ ಹುಡುಗ್ಯಾರು, ಸೋಲಾಪುರ ಕಡಿ ಹುಡುಗ್ಯಾರು ಬಹಳ ಬರ್ತಾರ, ಅವರು ಟಿಕೆಟ್ ತಗೀಬೇಕು. "ಬಸ್ ಖರ್ಚು ಇಲ್ಲ" ಅಂತ ಹಾಕಿದ್ರ ಅದು ನೀವು ಕೊಟ್ಟ ಮಾತಾಗ್ತದ. ಬಸ್ಸಿನ ಹೊತ್ತು ಬರೀರಿ, ಸಾಕು.

ಈಗ ಬಾಡಗಿಗಿ ಬರ್ತೀನಿ. ತಂಗಿ, 4,500ರಾಗ ಏನೇನ್ ಬಂತು, "ಷರತ್ತು" ಏನು, ಬಿಚ್ಚಿ ಹೇಳ್ರಿ.

ಸೇಡಂರೋಡ್ ಸೊಸಿ

ಬಾಡಗಿ ಊಟ 4,500. ಕರೆಂಟಿಗಿ 300, ಫಿಲ್ಟರ್ ನೀರು ಕಸ ಗುಡಸಾಕಿ ಸೇರಿ 200. ಬ್ಯಾಸಗಿಗಿ ಕೂಲರ್ ಬೇಕಂದ್ರ ಎಷ್ಟು ತಗೋಬೇಕು ಇನ್ನ ವಿಚಾರ ಮಾಡಿಲ್ಲ. ಭಾನುವಾರ ರಾತ್ರಿ ಊಟ ಇಲ್ಲ, ಅಡಗಿಯಾಕಿಗಿ ಸೂಟಿ. ಅಡ್ವಾನ್ಸ್ 5,000. ಎಲ್ಲಾ ಬರದ್ರ ಜಾಸ್ತಿ ಕಾಣ್ತದ ಅಂತ ನಮ್ಮ ಮನಿಯವರು ಷರತ್ತು ಅನ್ವಯ ಅಂತ ಹಾಕ್ಸಿದ್ರು.

ಹಳೇ ವಾರ್ಡನ್

ಇದೇ ನೋಡ್ರಿ ಬಂದವರು ತಿರುಗಿ ಹೋಗಿದ್ದಕ್ಕ ಕಾರಣ. ಒಂದು ಹುಡುಗಿ ಏಪ್ರಿಲ್ ತಿಂಗಳಾಗ ಖರೇನೇ ಎಷ್ಟು ಕೊಡ್ತಾಳ ಲೆಕ್ಕ ಹಾಕಮು. 4,500, ಕರೆಂಟ್ 300, ನೀರು ಕಸ 200, ಅಲ್ಲಿಗಿ 5,000. ನಾಕು ಭಾನುವಾರ ರಾತ್ರಿ ಹೊರಗ ಉಂಡ್ರ ಎಂಬತ್ತರಂಗ 320. ಇನ್ನ ಕೂಲರ್. 200 ವ್ಯಾಟಿನ ಕೂಲರ್ ದಿನಾ ಹತ್ತು ತಾಸು ತಿರುಗಿದ್ರ ಎರಡು ಯೂನಿಟ್, ತಿಂಗಳಿಗಿ ಅರವತ್ತು. ಯೂನಿಟ್ಟಿಗಿ ಎಲ್ಲಾ ಸೇರಿ ಏಳು ರೂಪಾಯಿ ಹಿಡಿದ್ರ 420, ಇಬ್ಬರಿಗಿ ಹಂಚಿದ್ರ 210, ಹುಲ್ಲಿನ ಪ್ಯಾಡ್ ಬದಲ್ಸೋದು ಸೇರಿ 250 ಅನ್ರಿ. ನಿಮ್ಮ ಬಿಲ್ಲಿನಾಗ ದರ ಬ್ಯಾರೆ ಇದ್ರ ಅದನ್ನ ಹಿಡೀರಿ. ಒಟ್ಟು 5,570 ಆಯ್ತು. 4,500 ಅಂತ ನಂಬಿ ಬಂದಾಕಿಗಿ ಬಾಗಿಲಾಗ ಸಾವಿರ ರೂಪಾಯಿ ಜಾಸ್ತಿ ಕೇಳಿಸಿದ್ರ ನಿಮ್ಮ ಮನಿ ಎಷ್ಟು ಛಲೋ ಇದ್ರೂ ಆಕಿ ನಿಲ್ಲಂಗಿಲ್ಲ, ಇವರು ಮುಂದ ಇನ್ನೂ ಏನೇನ್ ಮುಚ್ಚಿಟ್ಟಾರೋ ಅಂತ ಅಂಜತಾಳ. "ತಿಂಗಳಿಗಿ 5,000, ಊಟ ಕರೆಂಟ್ ನೀರು ಎಲ್ಲಾ ಸೇರಿ, ಕೂಲರ್ ಇದ್ರ ಬ್ಯಾಸಗಿ ಮೂರು ತಿಂಗಳು 250 ಬ್ಯಾರೆ" ಅಂತ ಬರೀರಿ. ಮೆಸೇಜ್ ಕಡಿಮಿ ಬರ್ತಾವ, ಬಂದವರು ನಿಲ್ತಾರ.

ಕೂಲರ್ ಮಾತು ಬಂತಂತ ಇನ್ನೊಂದು. ನಮ್ಮ ಬಿಸಲಿನಾಗ ಒಂದು ಕೂಲರಿನ ನೀರಿನ ಡಬ್ಬಿ ಒಂದೇ ರಾತ್ರಿಗಿ ಖಾಲಿ ಆಗ್ತದ, ನಲವತ್ತು ಲೀಟರ್ ಹತ್ತಿರ. ನಾಕು ಖೋಲಿ ಅಂದ್ರ ನೂರಾ ಅರವತ್ತು ಲೀಟರ್ ಕೂಲರಿಗೇ ಹೋಯ್ತು. ನಳದ ನೀರು ದಿನಾ ಬರಂಗಿಲ್ಲ, ನಿಮಗ ಗೊತ್ತದ. "24 ಗಂಟೆ ನೀರು" ಅಂತ ಬರದೀರಿ, ಆ ನೀರು ಎಲ್ಲಿಂದ?

ಸೇಡಂರೋಡ್ ಸೊಸಿ

ಬೋರ್ ಅದ, ಮ್ಯಾಲ ಎರಡು ಸಾವಿರ ಲೀಟರಿನ ಸಿಂಟೆಕ್ಸ್. ಕುಡೀಲಿಕ್ಕ ಫಿಲ್ಟರ್. ಆದ್ರ ಹೋದ ಮೇನಾಗ ಬೋರ್ ನೀರು ಸಣ್ಣಾಗಿ ಎರಡು ಸಲ ಟ್ಯಾಂಕರ್ ಹಾಕ್ಸೀವಿ.

ಹಳೇ ವಾರ್ಡನ್

ಹಂಗೇ ಬರೀರಿ. "ಬೋರ್ ನೀರು, ಕುಡೀಲಿಕ್ಕ ಫಿಲ್ಟರ್, ಬ್ಯಾಸಗಿಯಾಗ ಕಡಿಮಿ ಬಿದ್ರ ಟ್ಯಾಂಕರ್ ನಮ್ಮ ಖರ್ಚು." ಇದು 24 ಗಂಟೆ ಅನ್ನೋದಕ್ಕಿಂತ ಜಾಸ್ತಿ ನಂಬಿಕಿ ಹುಟ್ಟಸ್ತದ, ಯಾಕಂದ್ರ ಇಲ್ಲಿನ ಬ್ಯಾಸಗಿ ನೋಡಿದ ಯಾವ ತಾಯಿನೂ ಕೇಳೋ ಮೊದಲ ಪ್ರಶ್ನಿ ಅದೇ. ಕೂಲರಿಗಿ ನೀರು ಯಾರು ಹಾಕಬೇಕು ಅನ್ನೋದೂ ನಿಯಮದಾಗ ಬರೀರಿ. ನನ್ನಲ್ಲಿ ವರ್ಷಾ ವರ್ಷಾ ಖೋಲಿ ಗೆಳತ್ಯಾರ ನಡುವ ದೊಡ್ಡ ಜಗಳ ಆಗಿದ್ದು ಓದಿಗಲ್ಲ, ಬಕೆಟ್ ಹೊರೋ ಪಾಳಿಗಿ.

ಅಕೌಂಟ್ಸ್ ಅಣ್ಣ

ಒಂದು ಮುಖ್ಯ ವಿಷಯ ಎಲ್ಲರೂ ಬಿಟ್ಟೀರಿ. ಪಿಜಿ ಅಂದ್ರ ಜಿಎಸ್‌ಟಿ ಅದ. 5,000 ಅಂತ ಬರದು ಆಮೇಲೆ ಅದನ್ನ ಸೇರಿಸಿದ್ರೆ ಜಗಳ ಆಗ್ತದ, ಈಗಲೇ "ಜಿಎಸ್‌ಟಿ ಬೇರೆ" ಅಂತ ಹಾಕಿಬಿಡಿ.

ಹಳೇ ವಾರ್ಡನ್

ಅಣ್ಣಾರ, ಆ ಜಿಎಸ್‌ಟಿ ಗದ್ದಲ ಎದ್ದಿದ್ದು ಖರೆ, ಇವರಿಗಿ ಅದು ಹತ್ತಂಗಿಲ್ಲ. ಎಂಟು ಮಂದಿ ಐದು ಸಾವಿರದಂಗ ತಿಂಗಳಿಗಿ ನಲವತ್ತು ಸಾವಿರ, ವರ್ಷಕ್ಕ 4,80,000. ಸೇವಾ ಕೊಡವರಿಗಿ ರಿಜಿಸ್ಟ್ರೇಷನ್ ಬೇಕಾಗೋದು 20 ಲಕ್ಷ ದಾಟಿದ್ರ. ಅದು ಬಿಟ್ರೂ 2024ರ ಜುಲೈದಾಗ ಹೊಸಾ ವಿನಾಯ್ತಿ ಬಂದದ, ಒಬ್ಬರಿಗಿ ತಿಂಗಳಿಗಿ 20,000 ಒಳಗಿದ್ದು ಒಂದೇ ಸಮ 90 ದಿನ ಇದ್ರ ವಸತಿಗಿ ತೆರಿಗಿ ಇಲ್ಲ. ರಿಜಿಸ್ಟ್ರೇಷನ್ ಇಲ್ಲದವರು ಕ್ಯಾಪ್ಷನ್‌ನಾಗ "ಜಿಎಸ್‌ಟಿ ಬೇರೆ" ಅಂತ ಹಾಕಿ ರೊಕ್ಕ ತಗೊಂಡ್ರ ಅದು ತಪ್ಪಾಗ್ತದ.

ಅಕೌಂಟ್ಸ್ ಅಣ್ಣ

90 ದಿನದ್ದು ನನಗ ಗೊತ್ತಿರಲಿಲ್ಲ, ಸರಿ. ಪಾಲಿಕೆ ಲೈಸನ್ಸ್ ಮಾತ್ರ ಒಮ್ಮೆ ವಿಚಾರಿಸಿ ಅಕ್ಕ, ಮನೆ ಬಾಡಿಗೆ ಬೇರೆ, ಊಟ ಹಾಕಿ ಪಿಜಿ ಅಂತ ಜಾಹೀರಾತು ಕೊಡೋದು ಬೇರೆ.

ತುಮಕೂರಿನ ಮೆಡಿಕಲ್ ವಿದ್ಯಾರ್ಥಿನಿ

ಆಂಟಿ ನಾನು ಸೇಡಂ ರೋಡಲ್ಲೇ ಮೂರು ವರ್ಷದಿಂದ ಓದ್ತಾ ಇದೀನಿ, ಎರಡು ಪಿಜಿ ಬದಲಾಯಿಸಿದೀನಿ. ಊಟದ ಬಗ್ಗೆ ನಮ್ಮ ಕಡೆಯವರು ಏನು ನೋಡ್ತೀವಿ ಅಂದ್ರೆ ಅನ್ನ ಎಷ್ಟು ಸಲ, ರೊಟ್ಟಿ ಬಿಸಿನೋ ಕಟಕ್ಕೋ, ಕಾಲೇಜಿಗೆ ಡಬ್ಬಿ ಕಟ್ಟಿಕೊಡ್ತಾರೋ ಇಲ್ವೋ. ಶುರುವಲ್ಲಿ ನಂಗೆ ಕಟಕ್ ರೊಟ್ಟಿ ತಿನ್ನೋಕೆ ಬರ್ತಾ ಇರ್ಲಿಲ್ಲ, ಈಗ ಶೇಂಗಾ ಹಿಂಡಿ ಮೊಸರು ಇದ್ರೆ ಅದೇ ಬೇಕು ಅನ್ಸುತ್ತೆ, ಅದು ಬೇರೆ ಮಾತು. ಆದ್ರೆ ಮೊದಲೇ ಗೊತ್ತಿದ್ರೆ ಮನಸು ತಯಾರಿರುತ್ತೆ.

ಟೈಮ್ ಇನ್ನೂ ಮುಖ್ಯ. ನಮ್ಮ ಹಳೇ ಪಿಜಿಯಲ್ಲಿ ನಾಷ್ಟಾ ಎಂಟೂವರೆಗೆ. ನಮಗೆ ಎಂಟಕ್ಕೆ ಕ್ಲಾಸು. ತಿಂಗಳಿಗೆ ಇಪ್ಪತ್ತೈದು ದಿನ ದುಡ್ಡು ಕೊಟ್ಟಿರೋ ತಿಂಡಿ ಬಿಟ್ಟು ಕ್ಯಾಂಟೀನಲ್ಲಿ ತಿಂತಿದ್ದೆ. "ಮೂರು ಹೊತ್ತು ಊಟ" ಅಂತ ಬರೆದಿದ್ರು, ಸುಳ್ಳೇನಲ್ಲ, ಆದ್ರೆ ನನಗೆ ಸಿಕ್ಕಿದ್ದು ಒಂದೂವರೆ ಹೊತ್ತು.

ಮತ್ತೆ "ಶಿಸ್ತು ಕಡ್ಡಾಯ" ಅನ್ನೋದು ಓದಿದ್ರೆ ನಮಗೆ ಭಯ ಆಗುತ್ತೆ, ಗೇಟ್ ಎಷ್ಟಕ್ಕೆ ಹಾಕ್ತೀರಾ ಅದು ಹೇಳಿ. ಪೋಸ್ಟಿಂಗ್ ಇದ್ದಾಗ ವಾರ್ಡಲ್ಲಿ ಹೊತ್ತಾಗುತ್ತೆ, ನರ್ಸಿಂಗ್ ಹುಡುಗಿಯರಿಗೆ ಎರಡರಿಂದ ಎಂಟರ ಪಾಳಿ ಇರುತ್ತೆ, ಅವರು ಪಾಳಿ ಬಿಟ್ಟು ಬರೋಷ್ಟರಲ್ಲಿ ಒಂಬತ್ತಾಗುತ್ತೆ. ಒಂದು ದಿನ ಹತ್ತು ನಿಮಿಷ ತಡ ಆಯ್ತು ಅಂತ ನನ್ನ ಏಪ್ರನ್ ನೋಡಿನೂ ಮುಕ್ಕಾಲು ಗಂಟೆ ಗೇಟ್ ಆಚೆ ನಿಲ್ಲಿಸಿದ್ರು. ಆವತ್ತೇ ಬಿಡೋ ಮನಸು ಮಾಡಿದ್ದು.

ಸೇಡಂರೋಡ್ ಸೊಸಿ

ಕೇಳಿ ಸಂಕಟ ಆಯ್ತು ಮಗಾ. ಅತ್ತಿ ಹತ್ತಿರ ಕುಂತು ಎಲ್ಲಾ ಮಾತಾಡ್ದೆ. ಅತ್ತಿ ಐದಕ್ಕೇ ಏಳ್ತಾರ, ಏಳೂವರಿಗಿ ನಾಷ್ಟಾ ಕೊಡಬಹುದು, ಡಬ್ಬಿನೂ ಕಟ್ಟಬಹುದು. ಮಧ್ಯಾಹ್ನ ರೊಟ್ಟಿ ಹನ್ನೆರಡಕ್ಕ ಬಡದು ಇಡ್ತಾರ, ಎರಡೂವರಿಗಿ ಬಂದಾಕಿಗಿ ತಣ್ಣಗ ಆಗಿರ್ತದ, ಬಿಸಿ ಅಂತ ಬರದ್ರ ಸುಳ್ಳಾಗ್ತದ. ರಾತ್ರಿ ಮಾತ್ರ ಎಲ್ಲರೂ ಕುಂತಾಗ ಬಿಸಿ ಬಿಸಿ ಬಡೀತಾರ. ಗೇಟು ಒಂಬತ್ತೂವರಿ ಮಾಡಿದ್ರ? ಪಾಳಿ ಇದ್ದಾಕಿ ಪಟ್ಟಿ ಮೊದಲೇ ತೋರಿಸಿ ಫೋನ್ ಮಾಡಿದ್ರ ಅತ್ತಿ ಎದ್ದು ತೆಗೀತಾರ, ಹೆಂಗೂ ಹನ್ನೊಂದರ ತನಕ ನಿದ್ದಿ ಬರಂಗಿಲ್ಲ ಅವರಿಗಿ.

ಯಾದಗಿರಿ ಪಾಲಕ

ಒಂಬತ್ತೂವರಿ ಬಹಳ ತಡ ಆಯ್ತು ಮೇಡಂ. ನಾ ಅಂತೂ ಎಂಟಕ್ಕ ಗೇಟ್ ಹಾಕೋ ಕಡಿನೇ ಇಟ್ಟೀನಿ ಮಗಳನ್ನ. ನಮ್ಮಂಥವರು ಅದನ್ನ ನೋಡೇ ಆರಿಸ್ತೀವಿ.

ತುಮಕೂರಿನ ಮೆಡಿಕಲ್ ವಿದ್ಯಾರ್ಥಿನಿ

ಅಂಕಲ್ ನಿಮ್ಮ ಮಗಳು ಡಿಗ್ರಿ ಓದ್ತಾ ಇರಬೇಕು. ಆಸ್ಪತ್ರೆ ಪಾಳಿ ಇರೋರಿಗೆ ಎಂಟಕ್ಕೆ ಗೇಟ್ ಹಾಕಿದ್ರೆ ಅಲ್ಲಿ ಇರೋಕೇ ಆಗಲ್ಲ.

ಹಳೇ ವಾರ್ಡನ್

ಇಬ್ಬರ ಮಾತೂ ಬಿಡಂಗಿಲ್ಲ, ಅದಕ್ಕೇ ಹೊತ್ತು ಬರದ್ರ ಯಾರಿಗಿ ಯಾವುದು ಬೇಕೋ ಅವರು ಅದನ್ನ ನೋಡಿ ಬರ್ತಾರ. ನಿಮ್ಮ ಮನಿ ಆಸ್ಪತ್ರಿ ಬಾಜೂಕ ಅದ ತಂಗಿ, ನಿಮ್ಮ ಎಂಟರಾಗ ಐದು ಮಂದಿ ಪಾಳಿಯವರೇ ಬರ್ತಾರ. ನಿಯಮಕ್ಕ ಕಾರಣ ಇದ್ರ ಒಂದು ಶಬ್ದದಾಗ ಕಾರಣನೂ ಬರೀರಿ. "ಇಂಡಕ್ಷನ್ ಒಲಿ ಖೋಲಿಯಾಗ ಬ್ಯಾಡ, ವೈರಿಂಗ್ ತಡಿಯಂಗಿಲ್ಲ" ಅಂದ್ರ ಒಪ್ಪತಾರ, ಬರೀ "ನಿಷೇಧ" ಅಂದ್ರ ಕದ್ದು ಹಚ್ಚತಾರ, ಆಮ್ಯಾಲ ಸುಟ್ಟ ವಾಸನಿ ಬಂದಾಗ ನಿಮಗ ಗೊತ್ತಾಗ್ತದ.

ಊರಿಗಿ ಹೋದಾಗ ಊಟದ ರೊಕ್ಕ ಕಡಿತಾನೂ ಬರೀರಿ. ಪೂರ್ತಿ ಬಿಟ್ಟುಕೊಡ್ಲಿಕ್ಕ ಆಗಂಗಿಲ್ಲ, ಅಡಗಿಯಾಕಿ ಪಗಾರ ಎಂಟು ಮಂದಿ ಇದ್ರೂ ಅಷ್ಟೇ ಆರು ಮಂದಿ ಇದ್ರೂ ಅಷ್ಟೇ. ಕಡಿಮಿ ಆಗೋದು ರೇಷನ್ ಕಾಯಿಪಲ್ಯ ಮಾತ್ರ. ನಾನು ಐದು ದಿನದ ಮ್ಯಾಲ ಒಂದೇ ಸಮ ಹೋದ್ರ, ಹಿಂದಿನ ದಿನ ಹೇಳಿದ್ರ, ದಿನಕ್ಕ 50 ಬಿಡ್ತಿದ್ದೆ. ಎರಡು ದಿನದ ಸೂಟಿಗಿ ಬಿಡ್ಲಿಕ್ಕ ಹೋದ್ರ ಲೆಕ್ಕದ ವಹಿ ಹಿಡಕೊಂಡೇ ಕುಂದರಬೇಕಾಗ್ತದ.

ಇನ್ನ ಅಡ್ವಾನ್ಸ್. 5,000 ತಗೋತೀರಿ, ತಿರುಗಿ ಎಷ್ಟು ಕೊಡ್ತೀರಿ, ಎಂದ ಕೊಡ್ತೀರಿ?

ಆಳಂದ ರೋಡ್ ಪ್ರಯಾಣಿಕ

ಹೌದು ಅಕ್ಕ ಇದನ್ನ ಬಿಡಬ್ಯಾಡ್ರಿ. ನಮ್ಮ ಅಡ್ವಾನ್ಸಿನಾಗ ಸುಣ್ಣ ಬಣ್ಣ ಅಂತ ಹಿಡಕೊಂಡ್ರು, ಒಂದು ತಿಂಗಳ ನೋಟಿಸ್ ಕೊಟ್ಟಿಲ್ಲ ಅಂತ ಉಳದಿದ್ದೂ ಹಿಡಕೊಂಡ್ರು. ನೋಟಿಸ್ ಅನ್ನೋ ಮಾತನ್ನ ನಾನು ಮೊದಲ ಸಲ ಕೇಳಿದ್ದೇ ಬಿಡೋ ದಿನ.

ಸೇಡಂರೋಡ್ ಸೊಸಿ

ಸುಣ್ಣ ಬಣ್ಣಕ್ಕ 500 ಹಿಡಕೊಂಡು ಉಳದಿದ್ದು ಬಿಟ್ಟ ದಿನಾನೇ ಕೊಡಮು ಅಂತ ಅತ್ತಿ ಅಂದ್ರು. ಹದಿನೈದು ದಿನ ಮೊದಲು ಹೇಳಬೇಕು, ಅಷ್ಟೇ. ಒಂದು ಪ್ರಶ್ನಿ, ಇದು ಕೇಳ್ಲೋ ಬ್ಯಾಡೋ ಅಂತಿದ್ದೆ. ಬಾಜೂದವರು "ಯಾವ ಮಂದಿಗಿ ಕೊಡ್ತೀರಿ ಅಂತ ಬರದುಬಿಡ್ರಿ, ಆಮ್ಯಾಲ ತೊಂದ್ರಿ ಬ್ಯಾಡ" ಅಂದ್ರು. ಅತ್ತಿಗಿ ಅಡಗಿಮನಿಯಾಗ ತತ್ತಿ ಮಾಂಸ ಆಗಂಗಿಲ್ಲ ಅಷ್ಟೇ, ಬ್ಯಾರೆ ಏನಿಲ್ಲ.

ಹಳೇ ವಾರ್ಡನ್

ಅಡಗಿಮನಿ ಮಾತು ಬರೀರಿ, ಮಂದಿ ಮಾತು ಬರೀಬ್ಯಾಡ್ರಿ. ಓದ್ಲಿಕ್ಕ ಬಂದ ಕೂಸಿನ ಜಾತಿ ಕೇಳೋ ಸಾಲು ಬಸವಣ್ಣನ ನೆಲದಾಗ ಬ್ಯಾಡ್ರಿ ತಂಗಿ. ನನ್ನಲ್ಲಿ ಎಲ್ಲಾ ಮನಿ ಹುಡುಗ್ಯಾರು ಒಂದೇ ತಾಟು ಹಿಡಕೊಂಡು ಕುಂತು ಉಂಡಾರ, ಹನ್ನೊಂದು ವರ್ಷದಾಗ ಒಂದು ದಿನಾನೂ ತೊಂದ್ರಿ ಆಗಿಲ್ಲ. "ಮನಿಯಾಗ ಸಸ್ಯಾಹಾರ ಅಡಗಿ" ಅಂದ್ರ ಸಾಕು. ಹೊರಗ ಏನು ತಿಂದು ಬಂದ್ರು ಅಂತ ಕೇಳ್ಲಿಕ್ಕ ಹೋಗಬ್ಯಾಡ್ರಿ.

ಇನ್ನೊಂದು, ಹುಡುಗ್ಯಾರ ಮನಿ ಅದ, ಮನಿ ನಂಬರ್ ಗಲ್ಲಿ ಎಲ್ಲಾ ಕ್ಯಾಪ್ಷನ್‌ನಾಗ ಹಾಕಬ್ಯಾಡ್ರಿ. ಏರಿಯಾ, ಹತ್ತಿರದ ಗೇಟು, ಇಷ್ಟೇ. ಮಾತಾಡಿದ ಮ್ಯಾಲ ಪಾಲಕರಿಗಿ ಲೊಕೇಷನ್ ಕಳಸ್ರಿ. ಇರೋ ಹುಡುಗ್ಯಾರ ಫೋಟೋನೂ ಹಾಕಬ್ಯಾಡ್ರಿ, ಖಾಲಿ ಖೋಲಿ, ಕಿಡಕಿ, ಬಚ್ಚಲಮನಿ, ಊಟದ ತಾಟು ಸಾಕು.

ಸೇಡಂರೋಡ್ ಸೊಸಿ

ಇವತ್ತು ಮುಂಜಾನಿ ಏಳು ನಲವತ್ತಕ್ಕ ಮಗನ ಸ್ಕೂಲ್ ಬ್ಯಾಗಿನಾಗ ಎರಡು ಡಿಕ್ಷನರಿ ಹಾಕ್ಕೊಂಡು ನಡದು ಬಂದೆ. ಜಿಮ್ಸ್ ಗೇಟಿಗಿ ಹದಿನಾಕು ನಿಮಿಷ ಆಯ್ತು. ಮೂರು ನಿಮಿಷ ಬರೀ ರೋಡ್ ದಾಟ್ಲಿಕ್ಕೇ ಹೋಯ್ತು. ಆಮ್ಯಾಲ ಅಲ್ಲೇ ಸ್ಟಾಪಿನಾಗ ನಿಂತು ಯೂನಿವರ್ಸಿಟಿ ಬಸ್ ಹತ್ತಿದೆ, ಕುಂತ ಮ್ಯಾಲ ಹದಿನೇಳು ನಿಮಿಷ, ಬಸ್ಸಿಗಿ ಕಾದಿದ್ದು ಹನ್ನೊಂದು. ಹೊಸಾದು ಹಿಂಗ್ ಬರದೀನಿ, ನೋಡ್ರಿ:

> ಹೆಣ್ಣುಮಕ್ಕಳಿಗೆ ಮಾತ್ರ. ಕಲಬುರಗಿ ಸೇಡಂ ರೋಡ್, ಜಿಮ್ಸ್ ಗೇಟಿಗೆ ನಡೆದು 14 ನಿಮಿಷ. ಇಬ್ಬರ ಖೋಲಿ, ಒಬ್ಬರಿಗೆ ತಿಂಗಳಿಗೆ 5,000, ಊಟ ಕರೆಂಟ್ ನೀರು ಸೇರಿ.
>
> ಗುಲಬರ್ಗಾ ಯೂನಿವರ್ಸಿಟಿ ಮೇನ್ ಗೇಟಿಗೆ ಸಿಟಿ ಬಸ್ಸಿನಲ್ಲಿ 17 ನಿಮಿಷ, ಬಸ್ ಕಾಯೋದು ಬೇರೆ. ಸೆಂಟ್ರಲ್ ಯೂನಿವರ್ಸಿಟಿ ಕಡಗಂಚಿಯಲ್ಲಿದೆ, ಅಲ್ಲಿಯವರಿಗೆ ಈ ಮನೆ ದೂರ ಆಗುತ್ತದೆ.
>
> ನಾಷ್ಟಾ ಮುಂಜಾನೆ 7:30ಕ್ಕೆ, ಕಾಲೇಜಿಗೆ ಡಬ್ಬಿ ಕಟ್ಟಿ ಕೊಡುತ್ತೇವೆ. ಮಧ್ಯಾಹ್ನ ರೊಟ್ಟಿ ಪಲ್ಯ ಅನ್ನ ಬ್ಯಾಳಿ, ರಾತ್ರಿ 8ಕ್ಕೆ ಬಿಸಿ ರೊಟ್ಟಿ ಇಲ್ಲವೇ ಚಪಾತಿ, ಅನ್ನ. ಮನೆಯಲ್ಲಿ ಸಸ್ಯಾಹಾರ ಅಡಿಗೆ. ಭಾನುವಾರ ರಾತ್ರಿ ಊಟ ಇಲ್ಲ, ಬೇಕಾದರೆ ಅಡಿಗೆಮನೆ ಬಳಸಬಹುದು. 5 ದಿನಕ್ಕಿಂತ ಹೆಚ್ಚು ಊರಿಗೆ ಹೋದರೆ ದಿನಕ್ಕೆ 50 ಕಡಿತ, ಹಿಂದಿನ ದಿನ ಹೇಳಬೇಕು.
>
> ಬೋರ್ ನೀರು, ಕುಡಿಯಲು ಫಿಲ್ಟರ್, ಬೇಸಿಗೆಯಲ್ಲಿ ಟ್ಯಾಂಕರ್ ನಮ್ಮ ಖರ್ಚು. ಕೂಲರ್ ಬೇಕಿದ್ದರೆ ಮಾರ್ಚ್ 15ರಿಂದ ಜೂನ್ 15ರವರೆಗೆ ಒಬ್ಬರಿಗೆ ತಿಂಗಳಿಗೆ 250, ನೀರು ತುಂಬುವುದು ಖೋಲಿಯವರ ಪಾಳಿ.
>
> ಗೇಟ್ ರಾತ್ರಿ 9:30. ಆಸ್ಪತ್ರೆ ಪಾಳಿ ಇದ್ದವರು ಪಟ್ಟಿ ತೋರಿಸಿ ಫೋನ್ ಮಾಡಿದರೆ ತೆಗೆಯುತ್ತೇವೆ. ಖೋಲಿಯಲ್ಲಿ ಇಂಡಕ್ಷನ್ ಒಲೆ ಬೇಡ, ವೈರಿಂಗ್ ತಡೆಯುವುದಿಲ್ಲ. ಅಡ್ವಾನ್ಸ್ 5,000, ಬಿಡುವಾಗ 500 ಸುಣ್ಣ ಬಣ್ಣಕ್ಕೆ, 4,500 ಅದೇ ದಿನ ವಾಪಸ್, 15 ದಿನ ಮೊದಲು ತಿಳಿಸಬೇಕು. ಮನೆಯ ಹಿರಿಯರು ಕೆಳಗೇ ಇರುತ್ತಾರೆ.

ತುಮಕೂರಿನ ಮೆಡಿಕಲ್ ವಿದ್ಯಾರ್ಥಿನಿ

ತುಂಬಾ ಚೆನ್ನಾಗಿದೆ ಆಂಟಿ, ಓದಿದ ತಕ್ಷಣ ಮನೆ ಕಣ್ಮುಂದೆ ಬರುತ್ತೆ. ಅಮ್ಮ ಬಂದ್ರೆ ಒಂದು ರಾತ್ರಿ ಇರಬಹುದಾ ಅಂತನೂ ಹಾಕಿ. ಪರೀಕ್ಷೆ ಟೈಮಲ್ಲಿ ನಮ್ಮಮ್ಮ ಹತ್ತು ಗಂಟೆ ಪ್ರಯಾಣ ಮಾಡಿ ಬರ್ತಾರೆ, ಲಾಡ್ಜ್ ಹುಡುಕೋ ಹಾಗಾಗುತ್ತೆ.

ಸೇಡಂರೋಡ್ ಸೊಸಿ

ಹಾಕ್ತೀನಿ ಮಗಾ, ತಾಯಿ ಬಂದ್ರ ಅತ್ತಿ ಖೋಲಿಯಾಗೇ ಮಲಗ್ಲಿ.

ಹಳೇ ವಾರ್ಡನ್

ವಾಟ್ಸಾಪ್ ಗ್ರೂಪಿಗಿ ಇಷ್ಟುದ್ದ ಬ್ಯಾಡ, ಮೊದಲ ಎರಡು ಪ್ಯಾರಾ ಕಳಸಿ ಉಳದಿದ್ದು ಕೇಳಿದವರಿಗಿ ಕೊಡ್ರಿ. ಒಂದು ಬಿಟ್ಟೀರಿ. ಪರೀಕ್ಷಾ ಮುಗಿದು ಎರಡು ತಿಂಗಳು ಸೂಟಿ ಬಂದಾಗ ಬೆಡ್ ಹಿಡಿದಿಡ್ಲಿಕ್ಕ ಏನ್ ತಗೋತೀರಿ?

ಯಾದಗಿರಿ ಪಾಲಕ

ಇಲ್ಲದ ತಿಂಗಳಿಗಿ ರೊಕ್ಕ ಯಾಕ ಕೊಡಬೇಕ್ರಿ? ಸಾಮಾನು ಒಂದು ಮೂಲಿಯಾಗ ಇಟ್ಟಿರ್ತದ ಅಷ್ಟೇ.

ಹಳೇ ವಾರ್ಡನ್

ಆ ಮೂಲಿ ಬ್ಯಾರೆ ಹುಡುಗಿಗಿ ಕೊಡ್ಲಿಕ್ಕ ಬರಂಗಿಲ್ಲಲ್ಲ ಅಣ್ಣಾರ. ನಾನು ಅರ್ಧ ತಗೋತಿದ್ದೆ, ಅದಕ್ಕೂ ವರ್ಷಾ ಇಬ್ಬರು ಬಿಟ್ಟು ಹೋಗ್ತಿದ್ರು.

ಸೇಡಂರೋಡ್ ಸೊಸಿ

ಅರ್ಧ ಅಂದ್ರ 2,500, ಊಟ ಇಲ್ಲದ ತಿಂಗಳಿಗಿ ಅದೂ ಜಾಸ್ತಿ ಅನಸ್ತದ ನನಗ. ಅತ್ತಿ ಸಾವಿರ ಸಾಕು ಅಂತಾರ, ಮನಿಯವರು ಅರ್ಧ ಅಂತಾರ. ಇವತ್ತು ರಾತ್ರಿ ಮತ್ತ ಕುಂತು ಮಾತಾಡ್ತೀವಿ. ಉಳದಿದ್ದು ಮಧ್ಯಾಹ್ನ ಹಾಕೀನಿ, ಸಂಜಿತನ ಆರು ಮೆಸೇಜ್ ಬಂದಾವ, ಆರೂ ಹುಡುಗ್ಯಾರವೇ, ಒಬ್ಬಾಕಿ ಸೇಡಂನಾಕಿ ನಾಳಿಗಿ ತಾಯಿನ ಕರಕೊಂಡು ಬರ್ತಾಳಂತ.